ಶುಗರ್ ಇದ್ದವರ ಕಾಲುಗುರು: ಯಾವುದನ್ನು ಮನೆಯಲ್ಲಿ ಕತ್ತರಿಸಬಹುದು?

ಪ್ರಶ್ನೆ: ಅಪ್ಪನಿಗೆ 12 ವರ್ಷದಿಂದ ಶುಗರ್. ಹೆಬ್ಬೆರಳ ಉಗುರು ದಪ್ಪಗಾಗಿ ಅಂಚು ಮಾಂಸದೊಳಗೆ ಹೋಗಿದೆ. ನಾನೇ ಕತ್ತರಿಸಬಹುದಾ?

ಉತ್ತರ: ಆ ಹೆಬ್ಬೆರಳು ಮುಟ್ಟಬೇಡಿ. ಅಪ್ಪನ ಪಾದಕ್ಕೆ ಸ್ಪರ್ಶ ಚೆನ್ನಾಗಿ ಗೊತ್ತಾಗುತ್ತಿದ್ದರೆ ಉಳಿದ ಬೆರಳುಗಳ ಉಗುರನ್ನು ನೀವೇ ಕತ್ತರಿಸಿ.

ಸ್ನಾನವಾದ ಮೇಲೆ ಉಗುರು ಮೆತ್ತಗಿರುತ್ತದೆ. ಬೆರಳ ಸಂದು ಒರೆಸಿ, ಒಳ್ಳೆಯ ಬೆಳಕಲ್ಲಿ ಕೂರಿಸಿ. ನೇಲ್ ಕಟರಿನಿಂದ ಸ್ವಲ್ಪ ಸ್ವಲ್ಪವೇ, ನೇರವಾಗಿ ಕತ್ತರಿಸಿ. ತೀರಾ ಬುಡಕ್ಕೆ ಬೇಡ. ಮೂಲೆ ಚೂಪಾಗಿದ್ದರೆ ಅರದಿಂದ ಉಜ್ಜಿ ಸಾಕು. ಮೂಲೆಯನ್ನು ಕೆತ್ತಿದರೆ ಒಳಗೆ ಉಳಿದ ಚೂರು ಬೆಳೆಯುತ್ತಾ ಮಾಂಸಕ್ಕೆ ಚುಚ್ಚುತ್ತದೆ.

ಯಾದಗಿರಿಯ ನಮ್ಮ ಕಾಕಾ ದಪ್ಪ ಉಗುರನ್ನು ಬ್ಲೇಡಿನಿಂದ ಕೆತ್ತಿದ್ದರು. ನೋವೇ ಆಗಲಿಲ್ಲ. ಹಾಸಿಗೆ ಮೇಲೆ ರಕ್ತ ನೋಡಿದಾಗಲೇ ಗೊತ್ತಾಗಿದ್ದು! ಶುಗರ್ ನರಗಳನ್ನು ಹಾಳುಮಾಡಿದರೆ ಹೀಗೇ. ರಕ್ತ ಓಡಾಟವೂ ಕಡಿಮೆಯಿದ್ದರೆ ಸಣ್ಣ ಗಾಯವೂ ಬೇಗ ಮಾಯುವುದಿಲ್ಲ.

ದಪ್ಪ ಉಗುರಿಗೆ ಹೆಚ್ಚಾಗಿ ಫಂಗಸ್ ಕಾರಣ. ಚಪ್ಪಲಿ ಒತ್ತಿ ಉಗುರಿನಡಿ ಹುಣ್ಣಾಗಿದ್ದರೂ ಹೊರಗೆ ಕಾಣುವುದಿಲ್ಲ. ಪಾದ ತಜ್ಞರು ಮೊದಲು ನಾಡಿ, ಸ್ಪರ್ಶ ನೋಡುತ್ತಾರೆ. ಆಮೇಲೆ ಉಗುರನ್ನು ಉಜ್ಜಿ ತೆಳು ಮಾಡುತ್ತಾರೆ, ಒಳಗೆ ಹೋದ ಅಂಚನ್ನು ಬೇಕಾದರೆ ಮರಗಟ್ಟಿಸಿ ತೆಗೆಯುತ್ತಾರೆ. ನಮ್ಮ ಕಡೆ ಅಂಥವರು ಕಡಿಮೆ ಅಲ್ವಾ, ಕಲಬುರಗಿಯ ಜಿಮ್ಸ್ ಅಥವಾ ಬೀದರಿನ ಬ್ರಿಮ್ಸ್‌ನಲ್ಲಿ ಸರ್ಜನ್‌ಗೆ ತೋರಿಸಿ.

ಬೆರಳು ಕೆಂಪಾಗಿ ಬಿಸಿಯಾದರೆ, ಕೀವು ಬಂದರೆ ಅಥವಾ ಕಪ್ಪಾದರೆ ನೋವಿಲ್ಲದಿದ್ದರೂ ಅವತ್ತೇ ಹೋಗಿ.