ಕೊಡೆ ತಂದವರೆಲ್ಲ

ಪ್ರಶ್ನೆ: ಶೂನ್ಯ ಗಣದಲ್ಲಿರುವ ಎಲ್ಲರ ಬಗ್ಗೆ ಏನು ಹೇಳಿದರೂ ನಿಜ ಅಂತಾರೆ. ಯಾರೂ ಇಲ್ಲದ ಮೇಲೆ ಅದು ಸುಳ್ಳಾಗಬೇಕಲ್ವಾ?

ನಾನು ಬದಿಯಡ್ಕದ ಹತ್ತಿರ ಕನ್ನಡ ಡಿವಿಷನ್‌ಗೆ ಗಣಿತ ಕಲಿಸುವವ. ಜನವರಿಯ ಒಂದು ಬಿಸಿಲಿನ ದಿನ ಬೋರ್ಡಿನಲ್ಲಿ ಬರೆದೆ: "ಈ ಕ್ಲಾಸಿನಲ್ಲಿ ಕೊಡೆ ತಂದವರೆಲ್ಲ ಅದನ್ನು ವರಾಂಡದಲ್ಲಿ ಇಟ್ಟಿದ್ದಾರೆ."

"ಸುಳ್ಳು ಮಾಷ್ಟ್ರೇ, ಯಾರೂ ಕೊಡೆ ತಂದೇ ಇಲ್ಲ" ಅಂದಳು ಮುಂದಿನ ಬೆಂಚಿನವಳು.

"ಹಾಗಾದರೆ ಕೊಡೆ ತಂದು ಒಳಗೆ ಇಟ್ಟುಕೊಂಡ ಒಬ್ಬರನ್ನು ತೋರಿಸು."

ಅವಳು ನಿಜಕ್ಕೂ ಬಗ್ಗಿ ಬೆಂಚಿನಡಿ ನೋಡಿದಳು. ಯಾರೂ ಸಿಗಲಿಲ್ಲ. "ಎಲ್ಲರೂ" ಎಂಬ ಮಾತನ್ನು ಸುಳ್ಳು ಮಾಡಲು ಅದಕ್ಕೆ ತಪ್ಪಿ ನಡೆದ ಒಬ್ಬ ಬೇಕು. ಇಲ್ಲಿ ಆ ಒಬ್ಬ ಸಿಗುವ ದಾರಿಯೇ ಇಲ್ಲ.

ಆಮೇಲೆ ಕೆಳಗೆ ಇನ್ನೊಂದು ಬರೆದೆ: "ಕೊಡೆ ತಂದವರೆಲ್ಲ ಅದನ್ನು ಒಳಗೇ ಇಟ್ಟಿದ್ದಾರೆ." ಇದೂ ನಿಜ. ಗಲಾಟೆ ಶುರುವಾಯಿತು, ಎರಡೂ ನಿಜ ಆಗುವುದು ಹೇಗೆ ಅಂತ. ಆದರೆ "ಎಲ್ಲರೂ ಹೊರಗೆ" ಎಂಬುದರ ನಿರಾಕರಣೆ "ಎಲ್ಲರೂ ಒಳಗೆ" ಅಲ್ಲ, "ಹೊರಗಿಡದವರು ಒಬ್ಬರಾದರೂ ಇದ್ದಾರೆ". ಬೋರ್ಡಿನ ಎರಡು ವಾಕ್ಯಗಳನ್ನು ಕೂಡಿಸಿದರೆ ಉಳಿಯುವ ಅರ್ಥ ಒಂದೇ: ಇವತ್ತು ಯಾರೂ ಕೊಡೆ ತಂದಿಲ್ಲ.

"ನಿಜವೂ ಅಲ್ಲ ಸುಳ್ಳೂ ಅಲ್ಲ ಅಂತ ಬಿಡಬಾರದಾ" ಅಂತ ಕೇಳುವವರಿದ್ದಾರೆ. ಬಿಟ್ಟರೆ ಲೆಕ್ಕ ಕೆಡುತ್ತದೆ. ನಮ್ಮ ಆ ಕ್ಲಾಸಿನಲ್ಲಿ 14 ಹುಡುಗಿಯರು, ಹುಡುಗರು 0. "ಇಡೀ ಕ್ಲಾಸು ಪಾಸ್" ಅಂದರೆ "ಹುಡುಗಿಯರೆಲ್ಲ ಪಾಸ್, ಹುಡುಗರೆಲ್ಲ ಪಾಸ್" ಅಂತ ತಾನೇ? 14 ಮಂದಿಯೂ ಪಾಸಾಗಿರುವಾಗ ಎರಡನೆಯ ತುಂಡನ್ನು ಸುಳ್ಳು ಅಂದರೂ, ಎರಡೂ ಅಲ್ಲ ಅಂತ ಬಿಟ್ಟರೂ, ಇಲ್ಲದ ಹುಡುಗರಿಂದಾಗಿ "ಇಡೀ ಕ್ಲಾಸು ಪಾಸ್" ಎಂಬುದು ನಿಜವಲ್ಲದ ಹಾಗಾಯಿತು.

ಮಾತಿನಲ್ಲಿ ಮಾತ್ರ ಇದು ಕಿವಿಗೆ ಒಗ್ಗುವುದಿಲ್ಲ, ಒಪ್ಪುತ್ತೇನೆ. ಮಕ್ಕಳಿಲ್ಲದವರು "ನನ್ನ ಮಕ್ಕಳೆಲ್ಲ ಡಾಕ್ಟರ್" ಅಂದರೆ ನಾವು ಮೋಸ ಅಂತಲೇ ಹೇಳುತ್ತೇವೆ. "ಎಲ್ಲ" ಅಂದಾಗ ಯಾರಾದರೂ ಇದ್ದಾರೆ ಅಂತ ಕೇಳುವವರು ಅಂದುಕೊಳ್ಳುತ್ತಾರೆ. ಅರಿಸ್ಟಾಟಲನ ತರ್ಕವೂ ಹಾಗೇ ಅಂದುಕೊಂಡಿತ್ತು. ಇಂದಿನ ತರ್ಕದಲ್ಲಿ "ಇದ್ದಾರೆ" ಎಂಬುದನ್ನು ಬೇರೆಯೇ ವಾಕ್ಯವಾಗಿ ಹೇಳಬೇಕು.

ಹೇಳದೆ ಬಿಟ್ಟು ನಾನೇ ಒಮ್ಮೆ ಬೇಸ್ತು ಬಿದ್ದಿದ್ದೇನೆ. ಆರು ವಿಷಯಗಳ ಟೆಸ್ಟಿಗೆ ಪೈಥಾನಿನಲ್ಲಿ ರಿಸಲ್ಟ್ ಮಾಡಿದಾಗ, ಒಂದು ಪರೀಕ್ಷೆಗೂ ಬಾರದ ಹುಡುಗಿಯ ಹೆಸರಿನ ಮುಂದೆ ಪಾಸ್ ಅಂತ ಬಂತು.

```python
marks = []
print(all(m >= 30 for m in marks))  # True
```

ಪೈಥಾನಿನದ್ದು ತಪ್ಪಲ್ಲ, ನಾನು ಕೇಳಿದ್ದು ಅಷ್ಟೇ: ಬರೆದ ಎಲ್ಲದರಲ್ಲೂ 30 ಬಂದಿದೆಯಾ? ಪಟ್ಟಿ ಖಾಲಿ ಇರಬಾರದು ಅಂತ ಮೊದಲು `marks and` ಸೇರಿಸಿ ಸರಿಯಾಯಿತು ಅಂದುಕೊಂಡೆ. ಎರಡೇ ವಿಷಯ ಬರೆದವಳು ಆಗಲೂ ಪಾಸಾದಳು. ಕೊನೆಗೆ `len(marks) == 6 and` ಅಂತ ಹಾಕಿದೆ.