ಜರ್ಮನ್ ಕಂಪನಿಗೆ ಕೊಡುವ ರಾಯಲ್ಟಿ: ಟಿಡಿಎಸ್ ಶೇ 20.8ರಷ್ಟೋ, ಶೇ 10ರಷ್ಟೋ?

ಪ್ರಶ್ನೆ: ನಮ್ಮದು ಪೀಣ್ಯದಲ್ಲಿ ವಾಲ್ವ್ ತಯಾರಿಸುವ ಸಣ್ಣ ಕಂಪನಿ. ಜರ್ಮನಿಯ ಕಂಪನಿಯೊಂದರ ವಿನ್ಯಾಸ ಬಳಸುವುದಕ್ಕೆ 2025-26ನೇ ಸಾಲಿಗೆ 60 ಲಕ್ಷ ರೂಪಾಯಿ ರಾಯಲ್ಟಿಯನ್ನು ಮಾರ್ಚ್ 31ರಂದು ಅವರ ಖಾತೆಗೆ ಜಮಾ ತೋರಿಸಿದ್ದೇವೆ. ಅವರು ಶೇ 10ಕ್ಕಿಂತ ಹೆಚ್ಚು ತೆರಿಗೆ ಹಿಡಿಯಬೇಡಿ ಎನ್ನುತ್ತಾರೆ. ನಮ್ಮ ಲೆಕ್ಕಿಗರು ಶೇ 20.8 ಹಿಡಿಯಲೇಬೇಕು, ಕಡಿಮೆ ಮಾಡಲು ತೆರಿಗೆ ಅಧಿಕಾರಿಯ ಆದೇಶ ಬೇಕು ಎನ್ನುತ್ತಾರೆ. ಯಾವುದು ಸರಿ?

ಉತ್ತರ: ದಾಖಲೆಗಳು ಸರಿಯಾಗಿದ್ದರೆ ಜರ್ಮನ್ ಕಂಪನಿ ಹೇಳುವುದೇ ಸರಿ, ಅದಕ್ಕೆ ಅಧಿಕಾರಿಯ ಆದೇಶ ಬೇಕಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 90ನೇ ಕಲಂ ಪ್ರಕಾರ, ಭಾರತದೊಂದಿಗೆ ತೆರಿಗೆ ಒಪ್ಪಂದವಿರುವ ದೇಶದ ನಿವಾಸಿಗೆ ಕಾಯ್ದೆ ಮತ್ತು ಒಪ್ಪಂದ ಇವೆರಡರಲ್ಲಿ ಯಾವುದು ಅನುಕೂಲವೋ ಅದು ಅನ್ವಯಿಸುತ್ತದೆ. 195ನೇ ಕಲಂನಡಿ ತೆರಿಗೆ ಹಿಡಿಯುವಾಗ ನೋಡಬೇಕಾದ ‘ಜಾರಿಯಲ್ಲಿರುವ ದರ’ ಎಂಬ ಮಾತಿನೊಳಗೆ ಒಪ್ಪಂದದ ದರವೂ ಸೇರಿದೆ. ಒಪ್ಪಂದದ ದರಕ್ಕಿಂತಲೂ ಕಡಿಮೆ ಹಿಡಿಯಬೇಕೆಂದಾಗ ಮಾತ್ರ ಅಧಿಕಾರಿಯ ಬಳಿ ಹೋಗಬೇಕಾಗುತ್ತದೆ.

ನಿಮ್ಮ ಲೆಕ್ಕಿಗರ ಅಂಕಿ ತಪ್ಪೇನಲ್ಲ, ಅದು ದೇಶೀಯ ದರ. 115ಎ ಕಲಂನಲ್ಲಿ ವಿದೇಶಿ ಕಂಪನಿಯ ರಾಯಲ್ಟಿಗೆ ಇದ್ದ ಶೇ 10ರ ದರವನ್ನು 2023ರ ಹಣಕಾಸು ಕಾಯ್ದೆ ಶೇ 20ಕ್ಕೆ ಏರಿಸಿತು. ಅದರ ಮೇಲೆ ಶೇ 4 ಸೆಸ್ ಸೇರಿದರೆ 20.8 ಆಗುತ್ತದೆ. ರಾಯಲ್ಟಿ 1 ಕೋಟಿ ರೂಪಾಯಿ ದಾಟಿದರೆ ಸರ್‌ಚಾರ್ಜ್ ಕೂಡ ಬರುತ್ತದೆ, ನಿಮಗೆ ಅದಿಲ್ಲ. ಏರಿಕೆಗೆ ಮುಂಚೆ ದೇಶೀಯ ದರ 10.4, ಒಪ್ಪಂದದ ದರ 10 ಇದ್ದುದರಿಂದ ಅನೇಕ ಕಂಪನಿಗಳು ಒಪ್ಪಂದದ ಕಾಗದಪತ್ರಗಳ ಗೋಜಿಗೇ ಹೋಗುತ್ತಿರಲಿಲ್ಲ. ಅಂದು 0.4ರಷ್ಟಿದ್ದ ಅಂತರ ಇಂದು 10.8 ಆಗಿದ್ದರೂ ಹಳೆಯ ರೂಢಿ ಮಾತ್ರ ಹಾಗೇ ಉಳಿದಿರುವುದನ್ನು ನಾನು ಮತ್ತೆ ಮತ್ತೆ ಕಾಣುತ್ತಿದ್ದೇನೆ.

ನಿಮ್ಮ ಲೆಕ್ಕವನ್ನೇ ನೋಡೋಣ. ದೇಶೀಯ ದರದಲ್ಲಿ 60 ಲಕ್ಷಕ್ಕೆ ತೆರಿಗೆ 12 ಲಕ್ಷ, ಸೆಸ್ 48 ಸಾವಿರ, ಒಟ್ಟು 12,48,000 ರೂಪಾಯಿ. ಭಾರತ-ಜರ್ಮನಿ ಒಪ್ಪಂದದ 12ನೇ ವಿಧಿಯ ಪ್ರಕಾರ ತೆರಿಗೆ ರಾಯಲ್ಟಿಯ ಒಟ್ಟು ಮೊತ್ತದ ಶೇ 10ನ್ನು ಮೀರುವಂತಿಲ್ಲ, ಅಂದರೆ 6 ಲಕ್ಷ. ಈ 6 ಲಕ್ಷದ ಮೇಲೆ ಸೆಸ್ ಹಾಕಿ 10.4 ಹಿಡಿಯುವವರಿದ್ದಾರೆ, ಅದು ತಪ್ಪು. ಒಪ್ಪಂದ ಹೇಳುವ ಭಾರತೀಯ ಆದಾಯ ತೆರಿಗೆ ಎಂದರೆ ಸರ್‌ಚಾರ್ಜ್ ಸೇರಿದ ತೆರಿಗೆ, ಸೆಸ್ ಕೂಡ ಹೆಚ್ಚುವರಿ ಸರ್‌ಚಾರ್ಜ್ ರೂಪದ್ದೇ ಆದ್ದರಿಂದ ಎಲ್ಲವೂ ಆ ಶೇ 10ರೊಳಗೇ ಅಡಕವಾಗಿರಬೇಕು.

ಉಳಿಯುವ 6,48,000 ರೂಪಾಯಿ ಯಾರದು ಎಂಬುದು ನಿಮ್ಮ ಕರಾರನ್ನು ಅವಲಂಬಿಸುತ್ತದೆ. ತೆರಿಗೆ ಕಳೆದು ಕೊಡುವ ಕರಾರಾದರೆ ಅದು ಜರ್ಮನ್ ಕಂಪನಿಯ ಹಣ. ಹೆಚ್ಚು ಹಿಡಿದರೂ ತಮ್ಮ ದೇಶದಲ್ಲಿ ಅವರು ಸರಿದೂಗಿಸಿಕೊಳ್ಳುತ್ತಾರೆ ಎಂದು ಭಾವಿಸಬೇಡಿ. ಜರ್ಮನಿ ತನ್ನ ತೆರಿಗೆಯಲ್ಲಿ ಕಳೆಯಲು ಬಿಡುವುದು ಒಪ್ಪಂದಕ್ಕೆ ಅನುಗುಣವಾಗಿ ಭಾರತದಲ್ಲಿ ಕಟ್ಟಿದ ತೆರಿಗೆಯನ್ನು ಮಾತ್ರ, ಮಿಕ್ಕಿದ್ದಕ್ಕೆ ಅವರು ಭಾರತದಲ್ಲೇ ರಿಟರ್ನ್ ಸಲ್ಲಿಸಿ ಮರುಪಾವತಿ ಕೇಳಬೇಕು. ತೆರಿಗೆ ಎಷ್ಟೇ ಇರಲಿ, ಅವರ ಕೈಗೆ 60 ಲಕ್ಷ ಸಲ್ಲಬೇಕು ಎಂಬ ಕರಾರಾದರೆ ಹೊರೆ ನಿಮ್ಮದೇ, ಅದೂ ಹೆಚ್ಚು. ಆಗ 195ಎ ಕಲಂನಂತೆ ತೆರಿಗೆಯನ್ನು ಮೊತ್ತಕ್ಕೆ ಸೇರಿಸಿ ಹಿಂದಿನಿಂದ ಲೆಕ್ಕ ಹಾಕಬೇಕು. ಶೇ 10ರಲ್ಲಿ ರಾಯಲ್ಟಿ 66,66,667 ರೂಪಾಯಿಯಾಗಿ ತೆರಿಗೆ 6,66,667 ಬಂದರೆ, 20.8ರಲ್ಲಿ ರಾಯಲ್ಟಿ 75,75,758 ರೂಪಾಯಿಯಾಗಿ ತೆರಿಗೆ 15,75,758 ಬರುತ್ತದೆ. ವ್ಯತ್ಯಾಸ ಒಂಬತ್ತು ಲಕ್ಷ ದಾಟುತ್ತದೆ. ಆದ್ದರಿಂದ ಮೊದಲು ಕರಾರಿನ ತೆರಿಗೆ ಷರತ್ತನ್ನು ಓದಿಕೊಳ್ಳಿ.

ಇನ್ನು ಕಾಗದಪತ್ರ. ಒಪ್ಪಂದದ ಲಾಭಕ್ಕೆ ಜರ್ಮನಿಯ ತೆರಿಗೆ ಕಚೇರಿ ಕೊಡುವ ನಿವಾಸ ಪ್ರಮಾಣಪತ್ರ ಬೇಕೇ ಬೇಕು. ಎಡವುವುದು ಹೆಚ್ಚಾಗಿ ಇಲ್ಲಿಯೇ. ಅವರ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್, ನಮ್ಮದು ಏಪ್ರಿಲ್‌ನಿಂದ ಮಾರ್ಚ್. ನೀವು ಜಮಾ ತೋರಿಸಿದ್ದು 2026ರ ಮಾರ್ಚ್‌ನಲ್ಲಿ, ಹಾಗಾಗಿ 2025ರ ಪ್ರಮಾಣಪತ್ರವೊಂದನ್ನೇ ಇಟ್ಟುಕೊಂಡು ನೆಮ್ಮದಿಯಾಗಿರಬೇಡಿ, 2026ರದ್ದನ್ನೂ ತರಿಸಿಕೊಳ್ಳಿ. ಪ್ರಮಾಣಪತ್ರದಲ್ಲಿಲ್ಲದ ವಿವರಗಳಿಗಾಗಿ ಜರ್ಮನ್ ಕಂಪನಿಯೇ ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ನಲ್ಲಿ Form 10F ಸಲ್ಲಿಸಬೇಕು. ಪ್ಯಾನ್ ಇಲ್ಲದ ಅನಿವಾಸಿಗಳಿಗೂ ಅಲ್ಲಿ ನೋಂದಣಿಗೆ ದಾರಿಯಿದೆ. ಇದರ ಜೊತೆಗೆ, ರಾಯಲ್ಟಿಯ ನಿಜವಾದ ಹಕ್ಕುದಾರರು ತಾವೇ, ಭಾರತದಲ್ಲಿ ಈ ರಾಯಲ್ಟಿಗೆ ಸಂಬಂಧಿಸಿದ ಕಾಯಂ ನೆಲೆ ತಮಗಿಲ್ಲ ಎಂಬ ಲಿಖಿತ ಘೋಷಣೆಯನ್ನು ಪಡೆಯಿರಿ. ಇದನ್ನು ಬರೀ ಶಿಷ್ಟಾಚಾರ ಎಂದು ಭಾವಿಸಬೇಡಿ. ಅವರಿಗೆ ಇಲ್ಲಿ ಕಾಯಂ ನೆಲೆಯಿದ್ದು ವಿನ್ಯಾಸ ಅದಕ್ಕೆ ಸೇರಿದ್ದಾದರೆ 12ನೇ ವಿಧಿಯ ಶೇ 10 ಮಿತಿ ಕೈಬಿಟ್ಟುಹೋಗಿ, ಹಣ ವ್ಯಾಪಾರದ ಲಾಭವೆಂದು ಪರಿಗಣಿತವಾಗುತ್ತದೆ.

ತೆರಿಗೆ ಹಿಡಿಯುವ ಹೊಣೆ ಹುಟ್ಟುವುದು ಜಮಾ ಅಥವಾ ಪಾವತಿ, ಇವೆರಡರಲ್ಲಿ ಯಾವುದು ಮೊದಲೋ ಆಗ. ಹಣ ಇನ್ನೂ ಕಳಿಸಿಲ್ಲ ಎಂಬ ನೆಪ ನಡೆಯದು, ಮಾರ್ಚ್‌ನಲ್ಲಿ ಹಿಡಿಯಬೇಕಾದ ತೆರಿಗೆಯನ್ನು ಏಪ್ರಿಲ್ 30ರೊಳಗೆ ಕಟ್ಟಬೇಕು. ತೆರಿಗೆಯನ್ನು ಹಿಡಿಯದೇ ಬಿಟ್ಟರೆ 40ನೇ ಕಲಂ ಪ್ರಕಾರ ಆ ರಾಯಲ್ಟಿ ಖರ್ಚನ್ನು ನಿಮ್ಮ ಲಾಭದಿಂದ ಕಳೆಯಲು ಬಿಡುವುದಿಲ್ಲ. ಬ್ಯಾಂಕಿನಿಂದ ಹಣ ಕಳಿಸುವ ಮುನ್ನ ಚಾರ್ಟರ್ಡ್ ಅಕೌಂಟೆಂಟರು ತಮ್ಮ ಪ್ರಮಾಣಪತ್ರದಲ್ಲಿ ಒಪ್ಪಂದದ ವಿಧಿಯನ್ನೂ ದರವನ್ನೂ ನಮೂದಿಸುತ್ತಾರೆ, ನೀವು ಹಣ ರವಾನೆಯ ಘೋಷಣೆ ಸಲ್ಲಿಸುತ್ತೀರಿ.

ನಾಲ್ಕನೇ ತ್ರೈಮಾಸಿಕದ 27Q ಹೇಳಿಕೆಯಲ್ಲಿ ಒಂದು ಸಣ್ಣ ಕಾಲಂ ಇದೆ: ದರ ಕಾಯ್ದೆಯದ್ದಾದರೆ A, ಒಪ್ಪಂದದ್ದಾದರೆ B. ಅಲ್ಲಿ ಅಭ್ಯಾಸಬಲದಿಂದ A ಎಂದು ಬಿಟ್ಟರೆ ಕಡಿಮೆ ತೆರಿಗೆ ಹಿಡಿದಿದ್ದೀರಿ ಎಂದು ಇಲಾಖೆಯಿಂದ ಬೇಡಿಕೆ ಬರುತ್ತದೆ. ಜರ್ಮನ್ ಕಂಪನಿಗೆ ಪ್ಯಾನ್ ಇಲ್ಲದಿದ್ದರೆ ಆ ಜಾಗದಲ್ಲಿ PANNOTAVBL ಎಂದು ಬರೆದು, ಅವರ ವಿಳಾಸ, ಇ-ಮೇಲ್, ದೂರವಾಣಿ ಮತ್ತು ಜರ್ಮನಿಯ ತೆರಿಗೆ ಗುರುತು ಸಂಖ್ಯೆಯನ್ನು ತುಂಬಬೇಕು. 37ಬಿಸಿ ನಿಯಮ ಕೇಳುವ ಈ ವಿವರಗಳಿದ್ದರೆ ಪ್ಯಾನ್ ಇಲ್ಲವೆಂಬ ಕಾರಣಕ್ಕೆ ಶೇ 20 ಹಿಡಿಯಬೇಕಾಗಿಲ್ಲ.

ಆದರೂ ಅವರಿಗೆ ಪ್ಯಾನ್ ಮಾಡಿಸಿಕೊಳ್ಳಲು ಹೇಳಿ ಎಂಬುದು ನನ್ನ ಸಲಹೆ. 115ಎ ಕಲಂನಲ್ಲಿ ಹೇಳಿದ ದರಕ್ಕೆ ಕಡಿಮೆಯಿಲ್ಲದಂತೆ ತೆರಿಗೆ ಹಿಡಿದಿದ್ದರೆ ಮಾತ್ರ ವಿದೇಶಿ ಕಂಪನಿಗೆ ಭಾರತದಲ್ಲಿ ರಿಟರ್ನ್ ಸಲ್ಲಿಸುವುದರಿಂದ ವಿನಾಯಿತಿ ಸಿಗುತ್ತದೆ. ಆ ದರ ಈಗ 20. ನೀವು 10 ಹಿಡಿದ ಮೇಲೆ ಆ ವಿನಾಯಿತಿ ಅವರಿಗಿಲ್ಲ, ಸಾಮಾನ್ಯವಾಗಿ ಅಕ್ಟೋಬರ್ 31ರೊಳಗೆ ರಿಟರ್ನ್ ಸಲ್ಲಿಸಲೇಬೇಕು, ಅದಕ್ಕೆ ಪ್ಯಾನ್ ಬೇಕು. ಕಡಿಮೆ ದರ ಕೇಳುವ ವಿದೇಶಿ ಕಂಪನಿಗೆ ಈ ಮಾತನ್ನು ಮೊದಲೇ ತಿಳಿಸಿಬಿಡುವುದು ಒಳ್ಳೆಯದು.

ಮುಂದೆ ಬೇರೆ ದೇಶದವರೊಂದಿಗೆ ಕರಾರು ಮಾಡಿಕೊಂಡರೆ ಈ 10ನ್ನೇ ಹಿಡಿದುಕೊಳ್ಳಬೇಡಿ. ಜಪಾನಿಗೂ ಸಿಂಗಪುರಕ್ಕೂ 10 ಇದ್ದರೂ, ವಿನ್ಯಾಸದ ರಾಯಲ್ಟಿಗೆ ಅಮೆರಿಕ ಮತ್ತು ಬ್ರಿಟನ್ ಒಪ್ಪಂದಗಳಲ್ಲಿ ದರ 15. ಇಟಲಿಯ ಒಪ್ಪಂದದಲ್ಲಿ 20 ಇರುವುದರಿಂದ ಅಲ್ಲಿ ಉಳಿಯುವುದು ಸೆಸ್ಸಿನ 0.8 ಮಾತ್ರ. 2026ರ ಏಪ್ರಿಲ್ 1ರಿಂದ ಜಮಾ ಆಗುವ ರಾಯಲ್ಟಿಗೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಅನ್ವಯಿಸುವುದರಿಂದ ನಾನು ಮೇಲೆ ಹೇಳಿದ ಕಲಂ ಸಂಖ್ಯೆಗಳನ್ನು ಆ ವರ್ಷದ ಕಾಗದಪತ್ರಗಳಲ್ಲಿ ಬಳಸಬೇಡಿ.