ನೀರು ನೆತ್ತಿಗೇರುವುದು ನಿಂತಿದೆ, ಜ್ವರ ನಿಂತಿಲ್ಲ

ಪ್ರಶ್ನೆ: ನಮ್ಮ ಅತ್ತೆಗೆ 76 ವರ್ಷ. ಕಳೆದ ವರ್ಷ ಲಘುವಾಗಿ ಸ್ಟ್ರೋಕ್ ಆಗಿತ್ತು. ಆಮೇಲೆ ನೀರು ಕುಡಿದಾಗೆಲ್ಲ ನೆತ್ತಿಗೇರಿ ಕೆಮ್ಮುತ್ತಿದ್ದರು. ಮುದ್ದೆ ಮಾತ್ರ ಸಲೀಸಾಗಿ ನುಂಗುತ್ತಾರೆ. ಈಗ ಕೆಮ್ಮು ಕಡಿಮೆಯಾಗಿದೆ, ಆದರೆ ನಾಲ್ಕು ತಿಂಗಳಲ್ಲಿ ಎರಡು ಸಲ ನ್ಯುಮೋನಿಯಾ ಆಯಿತು. ಇವೆರಡಕ್ಕೂ ಸಂಬಂಧ ಇದೆಯಾ ಡಾಕ್ಟರೇ?

ಉತ್ತರ: ಇರುವ ಸಾಧ್ಯತೆ ಜಾಸ್ತಿ ಅಮ್ಮಾ. ಕೆಮ್ಮು ಕಡಿಮೆಯಾಗಿದ್ದೇ ನನಗೆ ಆತಂಕದ ವಿಷಯ.

ನುಂಗುವಾಗ ಒಂದು ಕ್ಷಣ ಉಸಿರು ನಿಂತು, ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುತ್ತದೆ. ಸ್ಟ್ರೋಕ್ ಆದವರಲ್ಲಿ ಇದು ತಡವಾಗಬಹುದು. ಮುದ್ದೆ ನಿಧಾನವಾಗಿ ಜಾರುವುದರಿಂದ ಗಂಟಲಿಗೆ ಪುರುಸೊತ್ತು ಸಿಗುತ್ತದೆ. ನೀರು ಅಷ್ಟು ಹೊತ್ತು ಕಾಯುವುದಿಲ್ಲ, ಮುಚ್ಚುವ ಮೊದಲೇ ಒಳಗೆ ಇಳಿದಿರುತ್ತದೆ. ಆಗ ಬರುವ ಕೆಮ್ಮು ಅದನ್ನು ಹೊರಗೆ ತಳ್ಳುತ್ತದೆ. ಗಂಟಲಿನ ಸಂವೇದನೆ ಮಂದವಾದರೆ ನೀರು ಶ್ವಾಸನಾಳಕ್ಕೆ ಹೋದರೂ ಕೆಮ್ಮೇ ಬರುವುದಿಲ್ಲ. ಇದನ್ನು ಸೈಲೆಂಟ್ ಆಸ್ಪಿರೇಶನ್ ಎನ್ನುತ್ತೇವೆ.

ಒಂದೆರಡು ಹನಿ ಶುದ್ಧ ನೀರನ್ನು ಶ್ವಾಸಕೋಶ ಹೀರಿಕೊಂಡುಬಿಡುತ್ತದೆ. ತೊಂದರೆ ಕೊಡುವುದು ಅದರ ಜೊತೆ ಹೋಗುವ ಎಂಜಲು, ಅನ್ನದ ಚೂರು, ಬಾಯಿಯ ಕ್ರಿಮಿಗಳು. ರಾತ್ರಿ ನಿದ್ದೆಯಲ್ಲೂ ಎಂಜಲು ಹಾಗೇ ಇಳಿಯುತ್ತಿರುತ್ತದೆ. ಅದಕ್ಕೇ ಎರಡು ಹೊತ್ತು ಹಲ್ಲು, ನಾಲಿಗೆ ಉಜ್ಜಿಸಿ. ಕಟ್ಟಿಸಿದ ಹಲ್ಲಿದ್ದರೆ ರಾತ್ರಿ ತೆಗೆದು ತೊಳೆದಿಡಿ. ಎಷ್ಟೋ ಮನೆಗಳಲ್ಲಿ ಬಿಟ್ಟುಹೋಗುವುದು ಇದೇ.

ಮುಂದಿನ ಸಲ ಎರಡು ಗುಟುಕು ನೀರು ಕುಡಿದ ಮೇಲೆ ಅವರಿಗೆ "ಆ..." ಎನ್ನಲು ಹೇಳಿ. ಸ್ವರ ಗೊರಗೊರ ಎಂದರೆ ನೀರು ಶ್ವಾಸನಾಳದ ಬಾಯಲ್ಲೇ ನಿಂತಿರಬಹುದು. ಸ್ವರ ಸರಿಯಿದೆ ಎಂದು ಸುಮ್ನೆ ಕೂರಬೇಡಿ, ಮೌನವಾಗಿ ಇಳಿದದ್ದು ಹೀಗೆ ಗೊತ್ತಾಗದೆಯೂ ಇರಬಹುದು. ಖಚಿತವಾಗಲು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಬೇಕು, ಇಲ್ಲವೇ ಬೇರಿಯಂ ಕುಡಿಸಿ ವಿಡಿಯೊ ಎಕ್ಸ್-ರೇ ಮಾಡಬೇಕು. ಇಎನ್‌ಟಿ ಡಾಕ್ಟರನ್ನು ಅಥವಾ ಸ್ಪೀಚ್ ಥೆರಪಿಸ್ಟರನ್ನು ಕಾಣಿ. ಮಾತಿನ ಥೆರಪಿಸ್ಟರಿಗೂ ನುಂಗುವುದಕ್ಕೂ ಏನು ಸಂಬಂಧ ಅಂತ ಅನಿಸಬಹುದು, ಆದರೆ ನುಂಗುವ ತರಬೇತಿ ಕೊಡುವವರೂ ಅವರೇ.

ಅಲ್ಲಿಯವರೆಗೆ, ಲೋಟ ಎತ್ತಿ ಕುಡಿಯುವ ಅಭ್ಯಾಸ ಬಿಡಿಸಿ. ಎಂಜಲಾಗಬಾರದೆಂದು ನಮ್ಮ ಹಿರಿಯರು ತಲೆ ಹಿಂದಕ್ಕೆ ವಾಲಿಸಿ ಮೇಲಿಂದ ಸುರಿದುಕೊಳ್ಳುತ್ತಾರೆ, ಅಲ್ವಾ? ತಲೆ ವಾಲಿದಾಗ ನೀರು ಸೀದಾ ಗಂಟಲಿಗೆ ಧುಮುಕುತ್ತದೆ. ನೇರ ಕೂರಿಸಿ, ಲೋಟ ಕಚ್ಚಿ ಒಂದೊಂದೇ ಸಣ್ಣ ಗುಟುಕು ಕುಡಿಸಿ. ನಿದ್ದೆಗಣ್ಣಲ್ಲಿ ಏನೂ ಕೊಡಬೇಡಿ. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ.

ನೀರನ್ನು ಗಟ್ಟಿ ಮಾಡುವ ಪುಡಿಯನ್ನು ನೀವಾಗಿ ಶುರು ಮಾಡಬೇಡಿ. ಆ ರುಚಿಗೆ ಬೇಸತ್ತು ನೀರನ್ನೇ ಕಡಿಮೆ ಕುಡಿಯುವವರು ಬಹಳ.

ವಯಸ್ಸಾದವರಿಗೆ ಎದೆಯ ಸೋಂಕಾದಾಗ ಜ್ವರ ಬರಲೇಬೇಕೆಂದಿಲ್ಲ. ಊಟ ಬೇಡ ಎನ್ನುವುದು, ಮಂಕಾಗುವುದು, ಏನೇನೋ ಮಾತಾಡುವುದು ಮೊದಲು ಕಾಣಬಹುದು. ಆಗ ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 25 ದಾಟಿದ್ದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎಣಿಕೆ ಕಡಿಮೆಯಿದ್ದರೂ ಮಂಕು ಹೆಚ್ಚಾಗುತ್ತಿದ್ದರೆ ಕಾಯಬೇಡಿ.